ತಖ್ವಾ ಯಾರಿಗೆ ಹೇಳಿದ ಮಾತು?

(ವಿಜಯಪುರದಲ್ಲಿ ಒಂದು ಸಂಜೆ ಆಡಿದ ಮಾತುಗಳನ್ನು ಇಲ್ಲಿ ಬರೆದಿದ್ದೇನೆ. ಕೊನೆಗೆ ಸಭೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ, ಅಸ್ಸಲಾಮು ಅಲೈಕುಮ್.

ಇಲ್ಲಿಗೆ ಬರುವಾಗ ಸ್ಟೇಶನ್ ರಸ್ತೆಯಲ್ಲಿ ಒಬ್ಬ ಹುಡುಗ ಬೈಕಿನ ಮೇಲೆ ಹೊರಟಿದ್ದ. ತಲೆ, ಕಿವಿ, ಮುಖ ಎಲ್ಲ ಮುಚ್ಚುವ ಹಾಗೆ ಟಾವೆಲ್ ಸುತ್ತಿಕೊಂಡಿದ್ದ. ಬರೀ ಕಣ್ಣು ಕಾಣುತ್ತಿದ್ದವು. ನಮ್ಮ ಊರಿನ ಏಪ್ರಿಲ್ ಬಿಸಿಲಿಗೆ ಇದು ಹೊಸ ನೋಟ ಏನಲ್ಲ. ಇವತ್ತು ನಾನು ಮಾತಾಡಬೇಕಾದದ್ದು ತಖ್ವಾ ಬಗ್ಗೆ, ಕನ್ನಡದಲ್ಲಿ ನಾವು 'ದೇವಭಯ' ಅನ್ನುವ ಕುರ್‌ಆನಿನ ಪದದ ಬಗ್ಗೆ. ಆ ಮಾತು ಆ ಟಾವೆಲ್‌ನಲ್ಲೇ ಇದೆ ಅನ್ನಿಸಿತು.

ಕುರ್‌ಆನಿನ 16ನೇ ಅಧ್ಯಾಯದ 81ನೇ ವಚನದಲ್ಲಿ ದೇವರು ಮನುಷ್ಯರಿಗೆ ಕೊಟ್ಟ ಸೌಲಭ್ಯಗಳ ಮಾತು ಬರುತ್ತದೆ. ನೆರಳು, ಬೆಟ್ಟದ ಗವಿ, ಆಮೇಲೆ 'ನಿಮ್ಮನ್ನು ಬಿಸಿಲಿನಿಂದ ಕಾಯುವ ಉಡುಪು', ಯುದ್ಧದಲ್ಲಿ ಕಾಯುವ ಕವಚ. ಅಲ್ಲಿ 'ಕಾಯುವ' ಅನ್ನುವುದಕ್ಕೆ ಇರುವ ಅರಬ್ಬಿ ಮಾತು 'ತಖೀಕುಮ್'. ಅದರ ಬೇರು ವಾವ್, ಖಾಫ್, ಯಾ ಎಂಬ ಮೂರು ಅಕ್ಷರ. ತಖ್ವಾ ಎಂಬ ಪದದ ಬೇರೂ ಅದೇ. ಬಿಸಿಲಿಗೂ ಮೈಗೂ ನಡುವೆ ಬರುವ ಬಟ್ಟೆ, ಕತ್ತಿಗೂ ಎದೆಗೂ ನಡುವೆ ಬರುವ ಕವಚ. ಪದ ಹುಟ್ಟಿದ್ದು ಅಲ್ಲಿ.

ಅರಬ್ಬಿ ಸ್ವಲ್ಪ ಓದಿದವರಿಗೆ ಒಂದು ಅನುಮಾನ ಬರಬಹುದು. ಬೇರು 'ವ'ದಿಂದ ಶುರುವಾದರೆ ತಖ್ವಾ ಯಾಕೆ 'ತ'ದಿಂದ ಶುರುವಾಗುತ್ತದೆ? ಇದು ವ್ಯಾಕರಣದ ಒಂದು ಪಲ್ಟಿ. ಮೊದಲಿನ ವಾವ್ ಹೋಗಿ ಅಲ್ಲಿ ತಾ ಬಂದಿದೆ. ಕೊನೆಯ ಯಾ ಹೋಗಿ ವಾವ್ ಬಂದಿದೆ. ಹಾಗಾಗಿ ತಖ್ವಾದಲ್ಲಿ ನಮಗೆ ಕಾಣುವ 'ವ' ಬೇರಿನ 'ವ' ಅಲ್ಲ, ಬೇರಿನ 'ಯ' ವೇಷ ಬದಲಿಸಿ ನಿಂತಿದೆ. ಕ್ರಿಯಾಪದ 'ಇತ್ತಖಾ' ಅಂತ ಆಗುತ್ತದೆ. ಅರ್ಥ: ಅಡ್ಡ ಏನನ್ನೋ ಹಿಡಿದು ತನ್ನನ್ನು ತಾನು ಕಾಯ್ದುಕೊಂಡ.

ಇಸ್ಲಾಮಿಗಿಂತ ಮುಂಚಿನ ಅರಬರು ಈ ಪದವನ್ನು ಸಾಮಾನ್ಯವಾಗಿ ಧರ್ಮದ ಮಾತಾಗಿ ಬಳಸುತ್ತಿರಲಿಲ್ಲ. ಆ ಕಾಲದ ದೊಡ್ಡ ಕವಿ ಝುಹೈರ್ ತನ್ನ ಪ್ರಸಿದ್ಧ ಪದ್ಯದಲ್ಲಿ ಹೀಗೆ ಹೇಳುತ್ತಾನೆ: ಮಾನದ ಮುಂದೆ ಉಪಕಾರವನ್ನು ಅಡ್ಡ ಇಟ್ಟವನ ಮಾನ ಉಳಿಯುತ್ತದೆ, ಬೈಗುಳದಿಂದ ತನ್ನನ್ನು ಕಾಯ್ದುಕೊಳ್ಳದವನು ಬೈಸಿಕೊಳ್ಳುತ್ತಾನೆ. ಈ 'ಕಾಯ್ದುಕೊಳ್ಳದವನು' ಅನ್ನುವಲ್ಲಿ ಇರುವುದು ಇದೇ ಕ್ರಿಯಾಪದ. ಆ ಸಾಲಿನಲ್ಲಿ ದೇವರೂ ಇಲ್ಲ, ಪರಲೋಕವೂ ಇಲ್ಲ. ಬರುವ ಪೆಟ್ಟು ಒಂದು, ಅದಕ್ಕೆ ಅಡ್ಡ ಹಿಡಿಯುವ ವಸ್ತು ಒಂದು.

ಈಗ ಕನ್ನಡಕ್ಕೆ ಬರೋಣ. ತಖ್ವಾ ಬಂದಲ್ಲೆಲ್ಲ ನಾವು ಸಾಮಾನ್ಯವಾಗಿ 'ದೇವಭಯ', 'ಭಯಭಕ್ತಿ' ಅಂತ ಬರೆಯುತ್ತೇವೆ. 'ಅಲ್ಲಾಹನಿಗೆ ಹೆದರಿರಿ' ಅಂತ ಓದುತ್ತೇವೆ. ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಭಯ ಅನ್ನುವುದು ಮನಸ್ಸಿನೊಳಗೆ ಆಗುವ ಒಂದು ಅನುಭವ. ಕೈ ಕಟ್ಟಿ ಕುಳಿತವನಿಗೂ ಭಯ ಆಗುತ್ತದೆ. ಟಾವೆಲ್ ಸುತ್ತಿಕೊಳ್ಳುವುದು ಒಂದು ಕೆಲಸ. ಬಿಸಿಲಿಗೆ ಹೆದರಿ ಮನೆಯಲ್ಲೇ ಕುಳಿತವನು ಬೇರೆ, ಟಾವೆಲ್ ಸುತ್ತಿಕೊಂಡು ಕೆಲಸಕ್ಕೆ ಹೊರಟವನು ಬೇರೆ ಅಲ್ವಾ?

ನಮ್ಮ ಮನೆಗಳಲ್ಲಿ ಆಡುವ ದಖ್ಖನಿಯಲ್ಲಿ ಇದಕ್ಕೆ ಇನ್ನೊಂದು ಮಾತಿದೆ. ತಖ್ವಾ ಇರುವವನನ್ನು ಉರ್ದುವಿನಲ್ಲಿ 'ಪರ್‌ಹೇಜ್‌ಗಾರ್' ಅನ್ನುತ್ತಾರೆ. ಪರ್‌ಹೇಜ್ ಅಂದರೆ ಏನು ಅಂತ ಸಕ್ಕರೆ ಕಾಯಿಲೆ ಇರುವ ಮನೆಯವರನ್ನು ಕೇಳಿ. ಮದುವೆ ಮನೆಯಲ್ಲಿ ತಟ್ಟೆ ತುಂಬ ಸಿಹಿ ಬಂದರೂ 'ನನಗೆ ಪರ್‌ಹೇಜ್ ಇದೆ' ಅಂತ ಕೈ ಹಿಂದೆ ತೆಗೆಯುತ್ತಾರಲ್ಲ, ಅದು. ಕನ್ನಡದಲ್ಲಿ ಅದನ್ನು ಪಥ್ಯ ಅನ್ನುತ್ತೇವೆ. ಭಯಕ್ಕಿಂತ ಪಥ್ಯ ಅನ್ನುವ ಮಾತೇ ತಖ್ವಾಕ್ಕೆ ಹತ್ತಿರ ಅಂತ ನನಗೆ ಅನ್ನಿಸುತ್ತದೆ.

ಕುರ್‌ಆನ್ ಸ್ವತಃ ಭಯ ಮತ್ತು ತಖ್ವಾಗಳನ್ನು ಬೇರೆ ಬೇರೆ ಇಡುತ್ತದೆ ಅನ್ನುವುದಕ್ಕೆ ಒಂದೇ ಒಂದು ವಚನ ಸಾಕು. 4ನೇ ಅಧ್ಯಾಯದ 9ನೇ ವಚನ. ಸತ್ತವರ ಆಸ್ತಿ ಹಂಚುವ ಸಂದರ್ಭ. ಅಲ್ಲಿ ಹೇಳುವುದು ಹೀಗೆ: ತಾವೇ ಬಲವಿಲ್ಲದ ಮಕ್ಕಳನ್ನು ಹಿಂದೆ ಬಿಟ್ಟು ಹೋಗುವಂತಿದ್ದರೆ ಯಾರಿಗೆ ಆ ಮಕ್ಕಳ ಬಗ್ಗೆ ಭಯ ಆಗುತ್ತಿತ್ತೋ, ಅಂಥವರು ಈಗ ಅಂಜಲಿ. ಅವರು ಅಲ್ಲಾಹನ ತಖ್ವಾ ಇಟ್ಟುಕೊಳ್ಳಲಿ, ನೆಟ್ಟಗಿನ ಮಾತು ಆಡಲಿ.

ಇಲ್ಲಿ ಮೂರು ಪದಗಳಿವೆ. ಮಕ್ಕಳ ಬಗ್ಗೆ ಆಗುವ ಭಯಕ್ಕೆ 'ಖೌಫ್'ನಿಂದ ಬಂದ ಕ್ರಿಯಾಪದ. ಅಂಜಲಿ ಅನ್ನುವುದಕ್ಕೆ 'ಖಶ್ಯತ್'ನಿಂದ ಬಂದದ್ದು. ಮೂರನೆಯದು ತಖ್ವಾ. ಮೂರೂ ಒಂದೇ ಅರ್ಥದವಾಗಿದ್ದರೆ ಒಂದೇ ವಾಕ್ಯದಲ್ಲಿ ಮೂರು ಸಲ ಯಾಕೆ ಹೇಳಬೇಕಿತ್ತು? ಖೌಫ್ ಮತ್ತು ಖಶ್ಯತ್ ಮನಸ್ಸನ್ನು ಅಲುಗಿಸುತ್ತವೆ. ತಖ್ವಾ ಆಮೇಲೆ ಬರುತ್ತದೆ, ಅಂಜಿದವನು ಏನು ಮಾಡಬೇಕು ಅನ್ನುವುದಕ್ಕೆ. ಮುಂದಿನ ವಚನದಲ್ಲೇ ಅನಾಥರ ಆಸ್ತಿ ತಿನ್ನುವವರು ತಮ್ಮ ಹೊಟ್ಟೆಗೆ ಬೆಂಕಿ ತಿನ್ನುತ್ತಿದ್ದಾರೆ ಅಂತ ಇದೆ. ಅಂದರೆ ಆ ಬೆಂಕಿಯ ಮುಂದೆ ಹಿಡಿಯುವ ಗುರಾಣಿ ಯಾವುದು? ಅನಾಥ ಮಗುವಿನ ಪಾಲನ್ನು ಮುಟ್ಟದೆ ಬಿಟ್ಟ ಕೈ.

ಇನ್ನು ಈ ಕ್ರಿಯಾಪದದ ಮುಂದೆ ಏನೇನು ಬರುತ್ತದೆ ಅಂತ ನೋಡೋಣ. ಯಾವುದರಿಂದ ಕಾಯ್ದುಕೊಳ್ಳಬೇಕು ಅನ್ನುವುದರ ಮೇಲೆ ಅರ್ಥ ಹೊರಳುತ್ತದೆ.

2ನೇ ಅಧ್ಯಾಯದ 24ನೇ ವಚನದಲ್ಲಿ 'ಬೆಂಕಿಯಿಂದ ಕಾಯ್ದುಕೊಳ್ಳಿ' ಅಂತ ಇದೆ. ಇಲ್ಲಿ ಅರ್ಥ ಸರಳ. ಹಳೆಯ ಅರ್ಥಕ್ಕೆ ತೀರ ಹತ್ತಿರ. ಪ್ರವಾದಿಯವರ ಒಂದು ಪ್ರಸಿದ್ಧ ಮಾತಿನಲ್ಲೂ ಇದೇ ಕ್ರಿಯಾಪದ ಇದೆ: ಅರ್ಧ ಖರ್ಜೂರ ಕೊಟ್ಟಾದರೂ ಬೆಂಕಿಯಿಂದ ಕಾಯ್ದುಕೊಳ್ಳಿ. ಅರ್ಧ ಖರ್ಜೂರ! ಬೆರಳ ತುದಿಯಷ್ಟು ಹಣ್ಣು. ಅದನ್ನು ಹಸಿದವನಿಗೆ ಕೊಟ್ಟರೆ ಅದು ಗುರಾಣಿ ಆಗುತ್ತದೆ.

39ನೇ ಅಧ್ಯಾಯದ 24ನೇ ವಚನದಲ್ಲಿ ಇದಕ್ಕೆ ತದ್ವಿರುದ್ಧವಾದ ಒಂದು ಚಿತ್ರ ಇದೆ. ಪ್ರಳಯದ ದಿನ ಕೆಟ್ಟ ಶಿಕ್ಷೆಯನ್ನು 'ತನ್ನ ಮುಖದಿಂದ' ತಡೆಯುವವನು ಅಂತ. ಯೋಚನೆ ಮಾಡಿ. ಮಕ್ಕಳು ಕ್ರಿಕೆಟ್ ಆಡುವಾಗ ಚೆಂಡು ಮುಖದ ಕಡೆ ಬಂದರೆ ಏನು ಮಾಡುತ್ತಾರೆ? ಕೈ ತಾನಾಗಿ ಮೇಲೆ ಬರುತ್ತದೆ. ಮನುಷ್ಯ ಮುಖ ಉಳಿಸಿಕೊಳ್ಳಲು ಕೈ ಒಡ್ಡುತ್ತಾನೆ. ಇಲ್ಲಿ ಮುಖವನ್ನೇ ಒಡ್ಡುತ್ತಿದ್ದಾನೆ. ಕೈ ಕಟ್ಟಿಹಾಕಿರುತ್ತದೆ ಅಂತ ವ್ಯಾಖ್ಯಾನಕಾರರು ವಿವರಿಸುತ್ತಾರೆ. ಯಾವುದನ್ನು ಕಾಯಬೇಕಿತ್ತೋ ಅದೇ ಅಡ್ಡಕ್ಕೆ ಬಂದಿದೆ. ಬೇರೆ ಏನೂ ಉಳಿದಿಲ್ಲ.

ಆಮೇಲೆ 'ಒಂದು ದಿನದಿಂದ ಕಾಯ್ದುಕೊಳ್ಳಿ' ಅಂತ ಬರುತ್ತದೆ. ದಿನವನ್ನು ತಡೆಯುವ ಬಟ್ಟೆ ಇಲ್ಲ. ಇಲ್ಲಿ ಪದ ಒಂದು ಹೆಜ್ಜೆ ಒಳಗೆ ಹೋಯಿತು. ಮುಂದೆ ಬರುವ ಲೆಕ್ಕದ ದಿನಕ್ಕೆ ಇವತ್ತೇ ಏನಾದರೂ ಮಾಡಿಟ್ಟುಕೊಳ್ಳಿ ಅನ್ನುವ ಅರ್ಥ ಬಂತು.

ಕೊನೆಗೆ 'ಇತ್ತಖುಲ್ಲಾಹ್'. ಅಕ್ಷರಕ್ಕೆ ಅಕ್ಷರ ಹೇಳಿದರೆ 'ಅಲ್ಲಾಹನಿಂದ ಕಾಯ್ದುಕೊಳ್ಳಿ'. ಇದು ಕೇಳಲಿಕ್ಕೆ ವಿಚಿತ್ರ. ದೇವರಿಂದ ಅಡಗಿಕೊಳ್ಳಲಿಕ್ಕೆ ಆಗುತ್ತದೆಯೇ? ಆತನ ಸಿಟ್ಟಿನಿಂದ, ಶಿಕ್ಷೆಯಿಂದ ಕಾಯ್ದುಕೊಳ್ಳಿ ಅಂತ ವ್ಯಾಖ್ಯಾನಕಾರರು ಬಿಡಿಸುತ್ತಾರೆ. ಆದರೆ ಕಾಯ್ದುಕೊಳ್ಳುವ ಜಾಗ ಯಾವುದು? 9ನೇ ಅಧ್ಯಾಯದ 118ನೇ ವಚನ ಅದಕ್ಕೆ ಉತ್ತರ ಕೊಡುತ್ತದೆ: ಅಲ್ಲಾಹನಿಂದ ತಪ್ಪಿಸಿಕೊಳ್ಳಲು ಅಲ್ಲಾಹನ ಬಳಿ ಬಿಟ್ಟರೆ ಬೇರೆ ಆಸರೆ ಇಲ್ಲ. ಬೆಂಕಿಯಿಂದ ಕಾಯ್ದುಕೊಳ್ಳುವವನು ಬೆಂಕಿಯಿಂದ ದೂರ ಓಡುತ್ತಾನೆ. ಇಲ್ಲಿ ಓಟ ಹತ್ತಿರಕ್ಕೆ. ಅವ್ವ ಬೈದಳು ಅಂತ ಅಳುವ ಮಗು ಅವ್ವನ ಸೆರಗಿನಲ್ಲೇ ಮುಖ ಮುಚ್ಚಿಕೊಳ್ಳುವುದನ್ನು ನೀವು ನೋಡಿದ್ದೀರಿ.

ಇಲ್ಲಿಯವರೆಗೆ ಹೇಳಿದ್ದು ಪೀಠಿಕೆ. ನಿಜವಾಗಿ ನನ್ನ ಮನಸ್ಸಿನಲ್ಲಿರುವುದು 2ನೇ ಅಧ್ಯಾಯದ 278ರಿಂದ 283ರವರೆಗಿನ ಆರು ವಚನಗಳು. ಈ ಆರರಲ್ಲಿ ತಖ್ವಾದ ಮಾತು ಐದು ಸಲ ಬರುತ್ತದೆ. ವಿಷಯ ನಮಾಜೂ ಅಲ್ಲ, ಉಪವಾಸವೂ ಅಲ್ಲ. ಸಾಲ. ಉದ್ರಿ, ಕೈಗಡ, ಬಡ್ಡಿ, ಒತ್ತೆ.

ಇದನ್ನು ಹೇಳುವ ಮುಂಚೆ ನಮ್ಮ ಅಬ್ಬಾನ ಕಿರಾಣಿ ಅಂಗಡಿಯ ಒಂದು ಮಾತು ಹೇಳುತ್ತೇನೆ. ಗಲ್ಲಾದ ಪಕ್ಕದಲ್ಲಿ ಕೆಂಪು ಬಟ್ಟೆಯ ಹೊದಿಕೆಯ ಉದ್ದನೆ ವಹಿ ಇರುತ್ತಿತ್ತು. ಉದ್ರಿ ತಗೊಂಡವರ ಲೆಕ್ಕ ಅದರಲ್ಲಿ. ಹಳ್ಳಿಯಿಂದ ಬರುವವರಲ್ಲಿ ಬಹಳ ಜನಕ್ಕೆ ಓದು ಬರುತ್ತಿರಲಿಲ್ಲ. ಅಬ್ಬಾ ಸಾಮಾನು ಕಟ್ಟಿಕೊಟ್ಟು, ವಹಿ ತೆಗೆದು, ಪೆನ್ನು ಹಿಡಿದು ಸುಮ್ನೆ ಕುಳಿತುಬಿಡುತ್ತಿದ್ದರು. "ನೀನ ಹೇಳಪಾ, ನಾ ಬರೀತೀನಿ" ಅನ್ನುತ್ತಿದ್ದರು. ಗಿರಾಕಿ ಬೆರಳು ಮಡಚಿ ಹೇಳಬೇಕು: ಎರಡು ಕಿಲೋ ಬೆಲ್ಲ, ಒಂದು ಕಿಲೋ ಎಣ್ಣಿ, ಚಾಪುಡಿ. ಎಷ್ಟಾಯಿತು ಅಂತ ಅವನೇ ಹೇಳಬೇಕು. ಆಮೇಲೆ ಅಬ್ಬಾ ಗಟ್ಟಿಯಾಗಿ ಓದಿ ತೋರಿಸುತ್ತಿದ್ದರು. ಹಿಂದೆ ಜನ ನಿಂತಿರುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಎಲ್ಲ ಕೊಟ್ಟವರು ತಾವು, ಲೆಕ್ಕ ಗೊತ್ತಿರುವುದು ತಮಗೆ, ಬರೆದು ಮುಗಿಸಬಾರದೇ ಅಂತ. ಯಾಕೆ ಹೀಗೆ ಮಾಡುತ್ತಿದ್ದರು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಬಹಳ ವರ್ಷದ ಮೇಲೆ 282ನೇ ವಚನವನ್ನು ಪದ ಪದ ಬಿಡಿಸಿ ಓದುವಾಗ ಆ ವಹಿ ಕಣ್ಣ ಮುಂದೆ ಬಂತು.

ಈಗ ಆ ಆರು ವಚನಗಳನ್ನು ಸಾಲಾಗಿ ನೋಡೋಣ.

278ರಲ್ಲಿ ಮೊದಲ ಸಲ: ವಿಶ್ವಾಸಿಗಳೇ, ಅಲ್ಲಾಹನ ತಖ್ವಾ ಇಟ್ಟುಕೊಳ್ಳಿ, ಬಡ್ಡಿಯಲ್ಲಿ ಬಾಕಿ ಉಳಿದದ್ದನ್ನು ಬಿಟ್ಟುಬಿಡಿ. ಇದು ಯಾರಿಗೆ ಹೇಳಿದ್ದು? ಸಾಲ ಕೊಟ್ಟವನಿಗೆ. ಬಾಕಿ ವಸೂಲಿ ಮಾಡುವ ಬಲ ಇರುವುದು ಅವನಿಗೆ. ಅವನು ಕೊಟ್ಟ ಅಸಲು ಅವನದೇ ಅಂತ ಮುಂದಿನ ವಚನ ಹೇಳುತ್ತದೆ. ನೀವೂ ಅನ್ಯಾಯ ಮಾಡಬೇಡಿ, ನಿಮಗೂ ಅನ್ಯಾಯ ಆಗಬಾರದು ಅನ್ನುತ್ತದೆ. ಅದರ ಮುಂದಿನದು 280. ಸಾಲಗಾರ ಕಷ್ಟದಲ್ಲಿದ್ದರೆ ಕೈ ಸಡಿಲ ಆಗುವವರೆಗೆ ಗಡುವು ಕೊಡಿ, ಬಿಟ್ಟೇ ಬಿಟ್ಟರೆ ನಿಮಗೆ ಇನ್ನೂ ಒಳ್ಳೆಯದು. ಇಲ್ಲಿ ತಖ್ವಾ ಅಂದರೆ ಸಿಗುತ್ತಿದ್ದ ದುಡ್ಡಿನಿಂದ ಕೈ ಹಿಂದೆ ತೆಗೆಯುವುದು. ಆಗ ಹೇಳಿದ ಪಥ್ಯ.

281ರಲ್ಲಿ ಎರಡನೆಯ ಸಲ: ನೀವು ಅಲ್ಲಾಹನ ಕಡೆ ಮರಳುವ ಒಂದು ದಿನದಿಂದ ಕಾಯ್ದುಕೊಳ್ಳಿ, ಅವತ್ತು ಪ್ರತಿಯೊಬ್ಬರಿಗೂ ಅವರು ಗಳಿಸಿದ್ದು ಪೂರ್ತಿ ಸಿಗುತ್ತದೆ. ಕುರ್‌ಆನಿನಲ್ಲಿ ಕೊನೆಕೊನೆಗೆ ಇಳಿದ ವಚನಗಳಲ್ಲಿ ಇದು ಒಂದು ಅನ್ನುವ ಅಭಿಪ್ರಾಯ ಇದೆ. ಅಲ್ಲಿನ ಮಾತುಗಳನ್ನು ಗಮನಿಸಿ. 'ಪೂರ್ತಿ ಸಿಗುತ್ತದೆ', 'ಗಳಿಸಿದ್ದು', ಇವು ಅಂಗಡಿಯ ಮಾತುಗಳು, ವಹಿಯ ಮಾತುಗಳು. ಸಾಲದ ಎರಡು ಪ್ರಕರಣಗಳ ನಡುವೆ ದೊಡ್ಡ ವಹಿ ಒಂದನ್ನು ತೆರೆದಿಟ್ಟ ಹಾಗೆ ಇದೆ ಇದು.

ನಂತರ 282. ಕುರ್‌ಆನಿನ ಅತಿ ಉದ್ದದ ವಚನ ಇದೇ. ಅವಧಿ ಇಟ್ಟು ಸಾಲ ಮಾಡಿದರೆ ಬರೆದಿಡಿ. ಬರೆಯುವವನು ನ್ಯಾಯವಾಗಿ ಬರೆಯಲಿ, ಬರೆಯಲು ಒಲ್ಲೆ ಅನ್ನದಿರಲಿ. ಸಾಕ್ಷಿಗಳು ಇರಲಿ. ಸಣ್ಣ ಸಾಲ ಆಗಲಿ, ದೊಡ್ಡದಾಗಲಿ, ಬರೆಯಲು ಬೇಸರ ಮಾಡಬೇಡಿ. ಇಷ್ಟರ ನಡುವೆ ಒಂದು ಮಾತು ಇದೆ. ಬರೆಯುವವನಿಗೆ ಹೇಳಿ ಬರೆಸಬೇಕಾದವನು ಯಾರು? ಸಾಲ ಕೊಟ್ಟವನಲ್ಲ. 'ಯಾರ ಮೇಲೆ ಸಾಲ ಇದೆಯೋ ಅವನು ಹೇಳಿ ಬರೆಸಲಿ'.

ನಮ್ಮ ಊರಿನ ಸಾಲದ ರೂಢಿ ಗೊತ್ತಿದ್ದವರಿಗೆ ಇದರ ಬೆಲೆ ತಿಳಿಯುತ್ತದೆ. ಕೊಡುವವನು ಬರೆಯುತ್ತಾನೆ, ತಗೊಳ್ಳುವವನು ಹೆಬ್ಬೆಟ್ಟು ಒತ್ತುತ್ತಾನೆ. ಹತ್ತು ಸಾವಿರ ತಗೊಂಡವನ ಕಾಗದದಲ್ಲಿ ಹದಿನೈದು ಇರುತ್ತದೆ. ಕೆಲವು ಸಲ ಅಂಕಿಯ ಜಾಗ ಖಾಲಿ ಬಿಟ್ಟೇ ಸಹಿ ಹಾಕಿಸಿಕೊಳ್ಳುತ್ತಾರೆ. ಸಾಲ ಬೇಡಲು ಬಂದವನಿಗೆ 'ಸ್ವಲ್ಪ ಓದಿ ಹೇಳಿ' ಅನ್ನುವ ಧೈರ್ಯ ಎಲ್ಲಿಂದ ಬರಬೇಕು? 282ನೇ ವಚನ ಆ ಮಾತಿನ ಹಕ್ಕನ್ನು ಕೊಡುವವನ ಕೈಯಿಂದ ತೆಗೆದು ತಗೊಳ್ಳುವವನಿಗೆ ಕೊಡುತ್ತದೆ. ಕಾನೂನಿನ ಕಣ್ಣಿನಿಂದ ನೋಡಿದರೂ ಇದು ಸರಿ. ಸಾಲಗಾರ ತನ್ನ ಬಾಯಿಂದ ಹೇಳಿದ್ದು ಅವನ ಒಪ್ಪಿಗೆ ಆಗುತ್ತದೆ. ನಾಳೆ ಅವನು ಅಲ್ಲಗಳೆಯಲಿಕ್ಕೆ ಆಗುವುದಿಲ್ಲ. ಕೊಟ್ಟವನು ಜಾಸ್ತಿ ಬರೆಯಲಿಕ್ಕೂ ಆಗುವುದಿಲ್ಲ. ಅವನಿಗೆ ಬುದ್ಧಿ ಅಥವಾ ಶಕ್ತಿ ಸಾಲದಿದ್ದರೆ, ಹೇಳಿ ಬರೆಸಲು ಆಗದಿದ್ದರೆ, ಅವನ ಪರವಾಗಿ ಅವನ ಪಾಲಕ ನ್ಯಾಯವಾಗಿ ಬರೆಸಲಿ ಅಂತಲೂ ಇದೆ. ಆ ಕಡೆಯವನೇ ಬರೆಸಬೇಕು, ಅದು ಬಿಡುವ ಹಾಗಿಲ್ಲ.

ಈಗ ಮೂರನೆಯ ಸಲ ತಖ್ವಾ ಎಲ್ಲಿ ಬರುತ್ತದೆ ಅಂತ ನೋಡಿ. ಇದೇ ಜಾಗದಲ್ಲಿ. 'ಯಾರ ಮೇಲೆ ಸಾಲ ಇದೆಯೋ ಅವನು ಹೇಳಿ ಬರೆಸಲಿ' ಅಂದ ತಕ್ಷಣ: 'ಅವನು ತನ್ನ ಪ್ರಭುವಾದ ಅಲ್ಲಾಹನ ತಖ್ವಾ ಇಟ್ಟುಕೊಳ್ಳಲಿ, ಅದರಲ್ಲಿ ಏನನ್ನೂ ಕಡಿಮೆ ಮಾಡದಿರಲಿ.' ನಾಲ್ಕು ವಚನಗಳ ಹಿಂದೆ ತಖ್ವಾ ಸಾಲ ಕೊಟ್ಟವನಿಗೆ ಹೇಳಿದ ಮಾತಾಗಿತ್ತು. ಈಗ ಅದೇ ಪದ ಸಾಲಗಾರನ ಕಡೆ ತಿರುಗಿತು. ಯಾಕೆ ತಿರುಗಿತು? ಬರೆಸುವ ಅಧಿಕಾರ ಅವನ ಬಾಯಿಗೆ ಬಂತಲ್ಲ, ಅದಕ್ಕೆ. ಕೊಟ್ಟವನಿಗೆ ಹೆಚ್ಚಿಸುವ ಆಸೆ ಇತ್ತು. ಬರೆಸುವವನಿಗೆ ಕಡಿಮೆ ಮಾಡುವ ಆಸೆ ಹುಟ್ಟಬಹುದು. ಹತ್ತು ತಗೊಂಡು ಎಂಟು ಅನ್ನಬಹುದು. ಅಧಿಕಾರ ಕೈ ಬದಲಾಯಿಸಿದ ಕ್ಷಣಕ್ಕೆ ತಖ್ವಾದ ಮಾತೂ ಅದರ ಬೆನ್ನು ಹತ್ತಿ ಹೋಯಿತು.

ಬಡವ ಅಂತ ಸಾಲಗಾರನಿಗೆ ರಿಯಾಯಿತಿ ಕೊಡಲಿಲ್ಲ ಅನ್ನುವುದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಎರಡು ವಚನಗಳ ಹಿಂದೆ ಇದೇ ಸಾಲಗಾರನ ಪರವಾಗಿ, ಗಡುವು ಕೊಡಿ, ಬಿಟ್ಟುಬಿಡಿ ಅಂತ ಹೇಳಿತ್ತು. ಈಗ ಅವನಿಗೇ ಎಚ್ಚರಿಕೆ. ಅವನು ಬಡವನೇ ಇರಬಹುದು, ಆದರೆ ಈ ಒಂದು ಗಳಿಗೆ ಲೆಕ್ಕ ಅವನ ನಾಲಗೆಯ ಮೇಲಿದೆ.

ನಾಲ್ಕನೆಯ ಸಲ ಅದೇ ವಚನದ ಕೊನೆಗೆ. ಬರೆಯುವವನಿಗೂ ಸಾಕ್ಷಿಗೂ ತೊಂದರೆ ಕೊಡಬೇಡಿ, ಕೊಟ್ಟರೆ ಅದು ನಿಮ್ಮ ದುರ್ನಡತೆ, ಅಲ್ಲಾಹನ ತಖ್ವಾ ಇಟ್ಟುಕೊಳ್ಳಿ ಅಂತ ಇದೆ. ಈಗ ಎಚ್ಚರಿಕೆ ಕೊಟ್ಟವನಿಗೂ ತಗೊಂಡವನಿಗೂ. ಸಾಕ್ಷಿ ಹೇಳಿದವನನ್ನು ಆಮೇಲೆ ಹೆದರಿಸುವುದು, ಅಲೆದಾಡಿಸುವುದು ಎಲ್ಲ ಕಾಲದಲ್ಲೂ ಇದೆ.

ಐದನೆಯದು 283. ಪ್ರಯಾಣದಲ್ಲಿದ್ದೀರಿ, ಬರೆಯುವವರು ಸಿಗಲಿಲ್ಲ. ಆಗ ಒತ್ತೆ ಇಡಿ. ಒಬ್ಬರನ್ನೊಬ್ಬರು ನಂಬಿದ್ದರೆ, ನಂಬಿಕೆಗೆ ಪಾತ್ರನಾದವನು ಆ ಅಮಾನತ್ತನ್ನು ಮರಳಿಸಲಿ, ತನ್ನ ಪ್ರಭುವಾದ ಅಲ್ಲಾಹನ ತಖ್ವಾ ಇಟ್ಟುಕೊಳ್ಳಲಿ. ಇಲ್ಲಿ ಕಾಗದ ಇಲ್ಲ, ಬರೆಯುವವ ಇಲ್ಲ. ಕೋರ್ಟಿಗೆ ಹೋದರೂ ತೋರಿಸಲು ಏನೂ ಇಲ್ಲ. ನಂಬಿಸಿಕೊಂಡವನ ಮುಂದೆ ಎದುರಿನವನು ಪೂರ್ತಿ ಬರಿಗೈ. ಸರಿಯಾಗಿ ಅಲ್ಲಿ ಪದ ಮತ್ತೆ ಬರುತ್ತದೆ. ಮೂರನೆಯ ಮತ್ತು ಐದನೆಯ ಸಲ ಇನ್ನೊಂದು ವಿಶೇಷ ಇದೆ. 'ಅಲ್ಲಾಹನ' ಅಂತ ಮಾತ್ರ ಹೇಳದೆ 'ತನ್ನ ಪ್ರಭುವಾದ ಅಲ್ಲಾಹನ' ಅಂತ ಹೇಳುತ್ತದೆ. ಎರಡೂ ಕಡೆ ಮಾತು ಗುಂಪಿಗೆ ಅಲ್ಲ, ಒಬ್ಬನಿಗೆ. ಬೇರೆ ಯಾರೂ ಹಿಡಿಯಲಾರದ ಜಾಗದಲ್ಲಿ ನಿಂತ ಒಬ್ಬನಿಗೆ.

ಇಲ್ಲಿಗೆ ನನಗೆ ನಮ್ಮ ಕಡೆಯ ಒಂದು ಮಾತು ನೆನಪಾಗುತ್ತದೆ: 'ದೇವರಿಗಾದರೂ ಅಂಜು.' ಈ ಮಾತನ್ನು ನಾವು ಯಾರಿಗೆ ಹೇಳುತ್ತೇವೆ? ತೂಕದಲ್ಲಿ ಹೊಡೆಯುವವನಿಗೆ ಹೇಳುತ್ತೇವೆ. ತಮ್ಮನ ಪಾಲು ನುಂಗುವ ಅಣ್ಣನಿಗೆ ಹೇಳುತ್ತೇವೆ. ಕೂಲಿ ಕೊಡದೆ ಅಲೆದಾಡಿಸುವವನಿಗೆ ಹೇಳುತ್ತೇವೆ. ಕೈಯಲ್ಲಿ ಏನೂ ಇಲ್ಲದವನಿಗೆ ಯಾರೂ 'ದೇವರಿಗಾದರೂ ಅಂಜು' ಅನ್ನುವುದಿಲ್ಲ. ಜನರಿಗೆ ಅಂಜುವ ಕಾರಣ ಇಲ್ಲದವನಿಗೆ ಹೇಳುವ ಮಾತು ಅದು. ಆ 'ಆದರೂ' ಅನ್ನುವುದರಲ್ಲಿ ಎಲ್ಲ ಇದೆ. 'ಇತ್ತಖುಲ್ಲಾಹ್' ಅನ್ನುವುದಕ್ಕೆ ಗ್ರಂಥಗಳ ಕನ್ನಡಕ್ಕಿಂತ ಈ ಬೀದಿಯ ಕನ್ನಡವೇ ಬಹಳ ಕಡೆ ಹೊಂದುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ತಖ್ವಾ ಅಂದರೆ ಏನು ಅಂತ ಕೇಳಿದರೆ ಎಲ್ಲರೂ ಹೇಳುವ ಒಂದು ಪ್ರಸಂಗ ಇದೆ. ಇಬ್ನು ಕಸೀರ್ ತಮ್ಮ ಕುರ್‌ಆನ್ ವ್ಯಾಖ್ಯಾನದಲ್ಲಿ ಅದನ್ನು ಕೊಟ್ಟಿದ್ದಾರೆ. ಖಲೀಫಾ ಉಮರ್ ಅವರು ಪ್ರವಾದಿಯವರ ಸಂಗಾತಿ ಉಬೈ ಬಿನ್ ಕಅಬ್ ಅವರನ್ನು ತಖ್ವಾ ಬಗ್ಗೆ ಕೇಳಿದರಂತೆ. ಉಬೈ ತಿರುಗಿ ಕೇಳಿದರು: "ಮುಳ್ಳಿನ ದಾರಿಯಲ್ಲಿ ನಡೆದಿದ್ದೀರಾ?" "ಹೌದು." "ಆಗ ಏನು ಮಾಡಿದಿರಿ?" "ಬಟ್ಟೆ ಮೇಲೆತ್ತಿಕೊಂಡೆ, ಎಚ್ಚರದಿಂದ ಹೆಜ್ಜೆ ಇಟ್ಟೆ." "ಅದೇ ತಖ್ವಾ." ಜಾಲಿಕಂಟಿ ತುಂಬಿದ ಬದುವಿನ ಮೇಲೆ ಧೋತರ ಎತ್ತಿ ಹಿಡಿದು ನಡೆಯುವವರನ್ನು ನೋಡಿ ಬೆಳೆದ ನಮಗೆ ಇದು ಬೇಗ ತಿಳಿಯುತ್ತದೆ. ಆದರೆ ಇದೊಂದೇ ಚಿತ್ರ ಇಟ್ಟುಕೊಂಡರೆ ಒಂದು ತೊಂದರೆ ಇದೆ. ಮುಳ್ಳಿನ ದಾರಿಯಲ್ಲಿ ಉಳಿಯುವುದು ನನ್ನ ಕಾಲು, ನನ್ನ ಬಟ್ಟೆ. ಸಾಲದ ವಚನಗಳಲ್ಲಿ ಉಳಿಯುವುದು ಎದುರಿನವನ ದುಡ್ಡು, ಎದುರಿನವನ ಮಾತು. ನನ್ನನ್ನು ನಾನು ಕಾಯ್ದುಕೊಳ್ಳುವ ದಾರಿ ಅವನನ್ನು ಕಾಯುವುದರಲ್ಲೇ ಇದೆ ಅಂತ ಪದ ಅಲ್ಲಿ ಬೆಳೆದಿದೆ. ಮುಳ್ಳು ತಪ್ಪಿಸುವುದರಲ್ಲೇ ನಿಂತವನು ಬಹಳ ಶುದ್ಧವಾಗಿ ಇರಬಹುದು, ಪಕ್ಕದವನ ಪಾಲು ಮಾತ್ರ ಅವನ ಮನೆಯಲ್ಲೇ ಉಳಿದಿರಬಹುದು.

ಇನ್ನೊಂದು ಹೊರಳನ್ನು ಬೇಗ ಹೇಳಿ ಮುಗಿಸುತ್ತೇನೆ. 'ತಖ್ವಾಕ್ಕೆ ಹೆಚ್ಚು ಹತ್ತಿರ' ಅನ್ನುವ ಮಾತು ಕುರ್‌ಆನಿನಲ್ಲಿ ಎರಡು ಕಡೆ ಇದೆ. 5ನೇ ಅಧ್ಯಾಯದ 8ನೇ ವಚನದಲ್ಲಿ: ಒಂದು ಜನರ ಮೇಲಿನ ದ್ವೇಷ ನಿಮ್ಮನ್ನು ಅನ್ಯಾಯಕ್ಕೆ ಎಳೆಯದಿರಲಿ, ನ್ಯಾಯ ಮಾಡಿ, ಅದು ತಖ್ವಾಕ್ಕೆ ಹೆಚ್ಚು ಹತ್ತಿರ. 2ನೇ ಅಧ್ಯಾಯದ 237ರಲ್ಲಿ ಇನ್ನೊಂದು. ಮದುವೆ ಆಗಿ, ಗಂಡ ಹೆಂಡತಿಗೆ ಕೊಡಬೇಕಾದ ಮಹರ್ ನಿಶ್ಚಯವಾಗಿ, ಕೂಡಿ ಬಾಳುವ ಮುಂಚೆಯೇ ತಲಾಖ್ ಆದರೆ ಅರ್ಧ ಮಹರ್ ಕೊಡಬೇಕು. ಆದರೆ ತನ್ನ ಪಾಲನ್ನು ಬಿಟ್ಟುಕೊಟ್ಟರೆ ಅದು ತಖ್ವಾಕ್ಕೆ ಹೆಚ್ಚು ಹತ್ತಿರ, ನಿಮ್ಮ ನಡುವಿನ ಔದಾರ್ಯವನ್ನು ಮರೆಯಬೇಡಿ. ಶತ್ರುವಿನ ಎದುರು ಅವನಿಗೆ ಸೇರಬೇಕಾದದ್ದನ್ನು ಕೊಡುವುದು ತಖ್ವಾ. ಬೇರೆಯಾಗುತ್ತಿರುವ ಗಂಡ ಹೆಂಡತಿಯ ನಡುವೆ ತನ್ನದನ್ನೇ ಬಿಡುವುದು ತಖ್ವಾ. ಎರಡೂ ಕಡೆ ಮನಸ್ಸು ಕಹಿಯಾಗಿರುವ ಹೊತ್ತು.

ಮಾತು ಮುಗಿದ ಮೇಲೆ ಒಬ್ಬ ಹಿರಿಯರು ಎದ್ದು ಕೇಳಿದರು: "ಸರ್, ನೀವು ಹೇಳಿದ್ದು ಎಲ್ಲ ವ್ಯವಹಾರದ ಮಾತಾಯಿತು. ರೋಜಾದ ವಚನದಲ್ಲಿ, ಕುರ್ಬಾನಿಯ ವಚನದಲ್ಲಿ ತಖ್ವಾ ಬರುತ್ತದಲ್ಲ, ಅಲ್ಲಿ ಯಾವ ಅಧಿಕಾರ ಇದೆ?"

ನ್ಯಾಯವಾದ ಪ್ರಶ್ನೆ. ಎಲ್ಲ ವಚನಗಳನ್ನೂ ಒಂದೇ ಅಳತೆಗೆ ತರಲಿಕ್ಕೆ ಆಗುವುದಿಲ್ಲ, ತರಲೂಬಾರದು. ಬಲಿಯ ಮಾಂಸವೂ ರಕ್ತವೂ ಅಲ್ಲಾಹನಿಗೆ ತಲುಪುವುದಿಲ್ಲ, ನಿಮ್ಮ ತಖ್ವಾ ಆತನಿಗೆ ತಲುಪುತ್ತದೆ ಅಂತ 22ನೇ ಅಧ್ಯಾಯದ 37ನೇ ವಚನದಲ್ಲಿ ಇದೆ. ಅಲ್ಲಿ ತಖ್ವಾ ಗುರಾಣಿಯಂತೆ ಹೊರಗಿನಿಂದ ಹಿಡಿಯುವ ವಸ್ತುವಾಗಿ ಉಳಿದಿಲ್ಲ. ಒಳಗಿನ ಒಂದು ಗುಣವಾಗಿ, ದೇವರ ಕಡೆ ಸಾಗುವ ಕಾಣಿಕೆಯಾಗಿದೆ. ಪದದ ಅತಿ ದೂರದ ಪಯಣ ಅದು. ರೋಜಾದ ವಿಷಯಕ್ಕೆ ಬಂದರೆ ಅವರಿಗೆ ನಾನು ಇಷ್ಟು ಹೇಳಿದೆ: ಬಾಗಿಲು ಹಾಕಿದ ಅಡುಗೆ ಮನೆ, ಎದುರಿಗೆ ತಣ್ಣನೆಯ ಕೊಡ, ಹೊರಗೆ ನಮ್ಮ ಊರಿನ ಬಿಸಿಲು, ನೋಡುವವರು ಯಾರೂ ಇಲ್ಲ. 283ನೇ ವಚನದ ಕಾಗದವಿಲ್ಲದ ಅಮಾನತ್ತಿಗೂ ಇದಕ್ಕೂ ಬಹಳ ದೂರ ಇಲ್ಲ. ಹಿರಿಯರು ಕುಳಿತುಕೊಂಡರು. ಪೂರ್ತಿ ಒಪ್ಪಿದರು ಅಂತ ನನಗೆ ಅನ್ನಿಸಲಿಲ್ಲ.

ಹಿಂದಿನ ಸಾಲಿನಲ್ಲಿ ಒಬ್ಬಳು ಕಾಲೇಜು ಹುಡುಗಿ ಇದ್ದಳು. ಅವಳ ಪ್ರಶ್ನೆ ಹೀಗಿತ್ತು: "ಬಲ ಇದ್ದವರಿಗೆ ಹೇಳಿದ ಮಾತು ಅಂದ್ರಿ. ಬಲ ಇಲ್ಲದವರ ಬಾಯಲ್ಲಿ ಈ ಪದ ಎಲ್ಲಾದರೂ ಬರ್ತದ ಏನ್ರಿ?"

ಬರುತ್ತದೆ. 19ನೇ ಅಧ್ಯಾಯದಲ್ಲಿ, ಯೇಸುವಿನ ತಾಯಿ ಮರ್ಯಮರ ಬಾಯಲ್ಲಿ. ಅವರು ಮನೆಯವರಿಂದ ದೂರ, ಪರದೆ ಹಾಕಿಕೊಂಡು ಒಬ್ಬರೇ ಇದ್ದಾರೆ. ಒಬ್ಬ ಗಂಡಸು ಎದುರಿಗೆ ಬಂದು ನಿಲ್ಲುತ್ತಾನೆ. ಅವನು ದೇವದೂತ ಅಂತ ಓದುವ ನಮಗೆ ಗೊತ್ತು, ಅವರಿಗೆ ಇನ್ನೂ ಗೊತ್ತಿಲ್ಲ. ಕೂಗಿದರೆ ಕೇಳುವವರಿಲ್ಲ, ಹಿಡಿಯಲು ಕೈಯಲ್ಲಿ ಏನೂ ಇಲ್ಲ. 18ನೇ ವಚನದಲ್ಲಿ ಅವರು ಹೇಳುವುದು ಒಂದೇ ವಾಕ್ಯ: "ನಿನ್ನಿಂದ ನಾನು ಪರಮ ದಯಾಮಯನ ಆಸರೆ ಬೇಡುತ್ತೇನೆ, ನೀನು ತಖ್ವಾ ಇರುವವನಾಗಿದ್ದರೆ."